ಆರು ಚೌಕ, ಇಪ್ಪತ್ನಾಲ್ಕು ಪದ

ಚಿತ್ರ ಬರೆಯಲು ಬಾರದವರ ತಲೆಯಲ್ಲೂ ಕಾಮಿಕ್ಸ್ ಹುಟ್ಟುತ್ತದೆ. ಹಾಗೆ ಹುಟ್ಟಿದ್ದನ್ನು ಚಿತ್ರ ಬರೆಯುವ ಗೆಳೆಯನಿಗೋ ಗೆಳತಿಗೋ ದಾಟಿಸುವುದು ಹೇಗೆ ಎಂಬಲ್ಲಿ ಹೆಚ್ಚಿನವರು ಮುಗ್ಗರಿಸುತ್ತಾರೆ. ಫೋನಿನಲ್ಲಿ ಹೇಳಿದರೆ ಎದುರಿನವರು ನಗುತ್ತಾರೆ, 'ಬರೆದು ಕಳಿಸು ಮಾರಾಯ' ಎನ್ನುತ್ತಾರೆ. ಬರೆದು ಕಳಿಸಿದ್ದು ಸಣ್ಣಕತೆಯಂತಿರುತ್ತದೆ: 'ಅವನು ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲು ತೆಗೆದು, ಹೊರಗೆ ನಿಂತವನನ್ನು ಕಂಡು ಬೆಚ್ಚಿಬಿದ್ದ.' ಓದಲು ಅಡ್ಡಿಯಿಲ್ಲ, ಬರೆಯಲು ಕೂತರೆ ಕೈ ನಿಲ್ಲುತ್ತದೆ. ಆ ಒಂದು ವಾಕ್ಯದಲ್ಲಿ ನಾಲ್ಕು ಕ್ಷಣಗಳಿವೆ, ಒಂದು ಪ್ಯಾನೆಲ್ ಹಿಡಿಯುವುದು ಒಂದನ್ನೇ. ಚಪ್ಪಲಿ ಮೆಟ್ಟುವ ಕಾಲನ್ನು ತೋರಿಸಬೇಕೋ ಬೆಚ್ಚಿದ ಮುಖವನ್ನೋ? ಈ ಆಯ್ಕೆಯನ್ನು ಬರೆದವರು ಮಾಡದೆ ಚಿತ್ರಕಾರರ ತಲೆಗೆ ಕಟ್ಟಿದ್ದಾರೆ.

ಕಾಮಿಕ್ಸ್ ಲೋಕದಲ್ಲಿ ಈ ಹೊರೆಯನ್ನು ಹಂಚಿಕೊಳ್ಳುವ ಪದ್ಧತಿ ಒಂದೇ ಅಲ್ಲ. ಅಮೆರಿಕದ ಮಾರ್ವೆಲ್‌ನಲ್ಲಿ 1960ರ ದಶಕದಲ್ಲಿ ಸ್ಟ್ಯಾನ್ ಲೀ ಕತೆಯ ಸಾರಾಂಶವನ್ನಷ್ಟೇ ಕೊಡುತ್ತಿದ್ದರು. ಜ್ಯಾಕ್ ಕರ್ಬಿಯಂಥ ಚಿತ್ರಕಾರರು ಅದನ್ನು ಪುಟಗಳಾಗಿ, ಪ್ಯಾನೆಲ್‌ಗಳಾಗಿ ಒಡೆದು ಚಿತ್ರ ಮುಗಿಸಿದ ಮೇಲೆ ಲೀ ಮಾತು ತುಂಬುತ್ತಿದ್ದರು. ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಅಲನ್ ಮೂರ್ ಇದ್ದಾರೆ. ಡೇವ್ ಗಿಬ್ಬನ್ಸ್ ಚಿತ್ರ ಬರೆದ 'ವಾಚ್‌ಮೆನ್' (1986-87) ಗಾಗಿ ಅವರು ಬರೆದುಕೊಟ್ಟ ಸ್ಕ್ರಿಪ್ಟಿನಲ್ಲಿ ಒಂದೊಂದು ಪ್ಯಾನೆಲ್‌ನ ವಿವರಣೆಯೇ ಉದ್ದುದ್ದ ಪ್ಯಾರಾಗಳಲ್ಲಿ ಸಾಗುತ್ತದೆ. ಮ್ಯಾಡ್ ಪತ್ರಿಕೆಯ ಹಾರ್ವಿ ಕರ್ಟ್ಸ್‌ಮನ್ ಅವರದು ಮೂರನೆಯ ದಾರಿ. ಪ್ರತಿ ಪುಟದ ಕರಡು ರೇಖೆಯನ್ನು ತಾವೇ ಹಾಕಿ, ಅದರಂತೆಯೇ ಬರೆಯಿರಿ ಎಂದು ಚಿತ್ರಕಾರರ ಕೈಗಿಡುತ್ತಿದ್ದರು. ಆಸ್ಟರಿಕ್ಸ್‌ನ ರೆನೆ ಗೊಸಿನಿ ನನಗೆ ಹೆಚ್ಚು ಒಪ್ಪಿಗೆ. ಪ್ರತಿ ಪ್ಯಾನೆಲ್‌ನಲ್ಲಿ ಏನು ಕಾಣಬೇಕು, ಯಾರು ಏನು ಹೇಳಬೇಕು ಎಂಬುದನ್ನು ಟೈಪ್ ಮಾಡಿ ಆಲ್ಬರ್ಟ್ ಉಡೆರ್ಝೊಗೆ ಕೊಡುತ್ತಿದ್ದರು. ರೇಖೆಯ ಉಸಾಬರಿಗೆ ಹೋಗುತ್ತಿರಲಿಲ್ಲ.

ಗೆಳೆಯನಿಗೆ ಬರೆಯುವವರಿಗೂ ಇದೇ ಹಾದಿ ಸಲೀಸು. ಮಾರ್ವೆಲ್ ಪದ್ಧತಿಗೆ ಕರ್ಬಿಯಂಥವರು ಬೇಕು, ಮೂರ್ ಪದ್ಧತಿಯನ್ನು ಸಹಿಸಿಕೊಳ್ಳಲು ಗಿಬ್ಬನ್ಸ್‌ರಂಥ ತಾಳ್ಮೆ ಬೇಕು. ಬಿಡುವಿನಲ್ಲಿ, ಬಹುಶಃ ಕಾಸಿಲ್ಲದೆ, ಚಿತ್ರ ಬರೆದುಕೊಡುವ ಗೆಳೆಯನ ಮೇಲೆ ಎರಡನ್ನೂ ಹೇರುವುದು ನ್ಯಾಯವಲ್ಲ.

ಒಂದು ಸ್ಟ್ರಿಪ್ಪನ್ನೇ ಬಿಡಿಸಿ ನೋಡೋಣ. ವಿಷಯ ನಮ್ಮ ಸಾರಿಗೆ ಬಸ್ಸಿನದು. ದೊಡ್ಡ ನೋಟು ಕೊಟ್ಟರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದು, ಇಳಿಯುವಾಗ ಇಸ್ಕೊಳ್ಳಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಪ್ರಯಾಣಿಕನಿಗೆ ನಿದ್ದೆಯೂ ಇಲ್ಲ, ಕಿಟಕಿಯಾಚೆಯ ಲೋಕವೂ ಇಲ್ಲ. ಒಬ್ಬ ಯಜಮಾನರು ಹೆಂಡತಿಯ ಜೊತೆ ತಿಪಟೂರಿಗೆ ಹೊರಟಿದ್ದಾರೆ. ಟಿಕೆಟ್ 88 ರೂಪಾಯಿ, ಕೊಟ್ಟಿದ್ದು 200ರ ನೋಟು, ಬಾಕಿ 112. ದಾರಿಯುದ್ದಕ್ಕೂ ಅದೇ ಧ್ಯಾನ. ಕೊನೆಗೆ ದುಡ್ಡು ಕೈಗೆ ಬರುತ್ತದೆ, ಬಸ್ಸು ಹೊರಡುತ್ತದೆ. ನಿದ್ದೆ ಹೋದ ಹೆಂಡತಿ ಬಸ್ಸಿನಲ್ಲೇ ಉಳಿದಿದ್ದಾಳೆ.

ಕತೆ ಇಷ್ಟೇ. ಪತ್ರಿಕೆಯಲ್ಲಿ 24 ಸೆಂ.ಮೀ. ಅಗಲದ ಜಾಗ, ಎರಡು ಸಾಲು, ಸಾಲಿಗೆ ಮೂರು ಪ್ಯಾನೆಲ್ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಗೆಳೆಯನ ಕೈಗೆ ಹೋಗಬೇಕಾದ ಸ್ಕ್ರಿಪ್ಟ್ ಹೀಗಿರುತ್ತದೆ.

ಪ್ಯಾನೆಲ್ 1 (ಅಗಲದ್ದು, ಸಾಲಿನ ಅರ್ಧ). ಬಸ್ಸಿನ ಒಳಗೆ, ಹಗಲು. ಡ್ರೈವರ್ ಹಿಂದೆ ನಿಂತು ಬಸ್ಸಿನ ಹಿಂಬದಿಗೆ ನೋಡುತ್ತಿದ್ದೇವೆ. ಚಿತ್ರದ ಎಡಕ್ಕೆ ಓಡಾಡುವ ಜಾಗದಲ್ಲಿ ಕಂಡಕ್ಟರ್, ಚರ್ಮದ ಚೀಲ, ಟಿಕೆಟ್ ಮಷಿನ್. ನಡುವೆ ಯಜಮಾನರು, ಅರವತ್ತು ದಾಟಿದವರು, ಬಿಳಿ ಪಂಚೆ. ಬಲತುದಿಯಲ್ಲಿ ಕಿಟಕಿ ಪಕ್ಕ ಹೆಂಡತಿ, ಮಡಿಲಲ್ಲಿ ವೈರ್ ಬ್ಯಾಗು.
ಕಂಡಕ್ಟರ್: ಎಂಬತ್ತೆಂಟಕ್ಕೆ ಇನ್ನೂರರ ನೋಟಾ? ಬಾಕಿ ಹಿಂದೆ ಬರ್ದಿದೀನಿ, ಇಳಿಯೋವಾಗ ಇಸ್ಕೊಳ್ಳಿ ಯಜಮಾನ್ರೇ.
ಯಜಮಾನ: ಮರ್ತುಬಿಟ್ಟೀರಾ ಮತ್ತೆ!

ಪ್ಯಾನೆಲ್ 2 (ಚಿಕ್ಕದು). ತೀರಾ ಹತ್ತಿರದಿಂದ, ಯಜಮಾನರ ಹೆಬ್ಬೆರಳು, ಟಿಕೆಟ್ಟಿನ ಹಿಂಬದಿ. ಪೆನ್ನಿನಲ್ಲಿ ಬರೆದ 112, ಸುತ್ತ ಒಂದು ಗೆರೆ. ಮುಖಗಳು ಬೇಡ. ಹೆಂಡತಿಯ ಬಲೂನ್ ಮೇಲೆ, ಬಾಲ ಚೌಕದ ಬಲ ಅಂಚಿನಾಚೆಗೆ. ಯಜಮಾನರದು ಕೆಳಗೆ.
ಹೆಂಡತಿ: ರೀ, ತಿಪಟೂರು ಬಂದಾಗ ಎಬ್ಬಿಸ್ರಿ.
ಯಜಮಾನ: ಹ್ಞೂಂ. ನೂರ ಹನ್ನೆರಡು.

ಪ್ಯಾನೆಲ್ 3 (ಚಿಕ್ಕದು, ಮಾತಿಲ್ಲ). ಒಂದನೇ ಪ್ಯಾನೆಲ್‌ನ ಕೋನವೇ, ಇಕ್ಕಟ್ಟಾಗಿ. ಎಡ ಅಂಚಿನಲ್ಲಿ ಕಂಡಕ್ಟರ್ ಚೀಲ ಮಾತ್ರ, ದೊಡ್ಡದಾಗಿ. ಯಜಮಾನರ ಕಣ್ಣು ಚೀಲದ ಮೇಲೆ. ಹೆಂಡತಿ ಕಿಟಕಿಗೆ ತಲೆಯಾನಿಸಿ ನಿದ್ದೆ. ಹಿಂದಿನ ಸೀಟಿನಲ್ಲಿ ಶಾಲೆ ಹುಡುಗರು.

ಪ್ಯಾನೆಲ್ 4 (ಚಿಕ್ಕದು, ಮಾತಿಲ್ಲ). ಮೂರರದೇ ಚಿತ್ರ, ಗೆರೆ ಅಲುಗದಂತೆ. ಬದಲಾಗುವುದು ಎರಡೇ: ಹಿಂದೆ ಹುಡುಗರ ಬದಲು ಬುಟ್ಟಿ ಹಿಡಿದ ಹೆಂಗಸು, ಕಿಟಕಿಯಾಚೆ ಸಂಜೆ.

ಪ್ಯಾನೆಲ್ 5 (ಚಿಕ್ಕದು). ಹೊರಗಿನಿಂದ, ಬಸ್ಸಿನ ಬಾಗಿಲಷ್ಟೇ. ಕಿಟಕಿಗಳು ಕಾಣಕೂಡದು. ಯಜಮಾನರ ಒಂದು ಕಾಲು ನೆಲದ ಮೇಲೆ, ಕೈ ಮೇಲಕ್ಕೆ. ಆ ಕೈಗೆ ನೋಟು, ನಾಣ್ಯ ಇಡುತ್ತಿರುವ ಕಂಡಕ್ಟರ್.
ಕಂಡಕ್ಟರ್: ತಗೊಳಿ. ರೈಟ್, ರೈಟ್!

ಪ್ಯಾನೆಲ್ 6 (ಅಗಲದ್ದು, ಸಾಲಿನ ಅರ್ಧ). ದೂರದ ನೋಟ, ರಸ್ತೆ ಬದಿ. ಎಡಕ್ಕೆ ಹೊರಟ ಬಸ್ಸು. ಕಿಟಕಿಯಲ್ಲಿ ಹೆಂಡತಿ, ಅದೇ ನಿದ್ದೆ. ಬಲತುದಿಯಲ್ಲಿ ನಮಗೆ ಹತ್ತಿರವಾಗಿ ಯಜಮಾನರು, ಬಸ್ಸಿಗೆ ಬೆನ್ನು, ತಲೆ ತಗ್ಗಿಸಿ ಎಣಿಕೆ. ಮುಖದಲ್ಲಿ ಸಂತೃಪ್ತಿ. ಪಕ್ಕದಲ್ಲಿ ಖಾಲಿ ಜಾಗ ಬಿಡು.
ಯಜಮಾನ: ಲೆಕ್ಕ ಸರಿಯಾಗೈತೆ ಕಣೇ.

ಇದರಲ್ಲಿ ಏನೇನಿಲ್ಲ ಎಂದು ಮೊದಲು ಗಮನಿಸಿ. ಕಂಡಕ್ಟರ್ ಮೀಸೆ ಹೇಗಿದೆ, ಸೀಟಿನ ಬಣ್ಣ ಯಾವುದು, ಹೆಂಡತಿಯ ಸೀರೆ ಎಂಥದ್ದು ಎಂಬ ಯಾವ ಮಾತೂ ಇಲ್ಲ. ಇವನ್ನೆಲ್ಲ ಚಿತ್ರಕಾರ ನಮಗಿಂತ ಚೆನ್ನಾಗಿ ಬಲ್ಲ. ಬರೆದಿರುವುದು ತಪ್ಪಿದರೆ ನಗೆಯೇ ಕೆಡುವಂಥ ಸಂಗತಿಗಳನ್ನು. ಐದನೇ ಪ್ಯಾನೆಲ್‌ನಲ್ಲಿ 'ಕಿಟಕಿಗಳು ಕಾಣಕೂಡದು' ಎಂಬುದು ಅಂಥದ್ದು. ಆ ಸೂಚನೆ ಇಲ್ಲದಿದ್ದರೆ ಯಾವ ಚಿತ್ರಕಾರನಾದರೂ ಅಂದವಾಗಲೆಂದು ಇಡೀ ಬಸ್ಸನ್ನು ಬರೆಯುತ್ತಾನೆ, ಮಲಗಿದ ಹೆಂಡತಿಯನ್ನೂ ಕೂರಿಸುತ್ತಾನೆ. ಆರನೇ ಪ್ಯಾನೆಲ್‌ನ ಗುಟ್ಟು ಐದರಲ್ಲೇ ರಟ್ಟಾಗುತ್ತದೆ. ಇಂಥ ಕಡೆ ಕಾರಣವನ್ನೂ ಸೇರಿಸಿ ಬರೆಯುವುದು ಒಳ್ಳೆಯದು: 'ಹೆಂಡತಿ ಬಸ್ಸಿನಲ್ಲೇ ಉಳಿದಿದ್ದು ಓದುಗರಿಗೆ ಇನ್ನೂ ಗೊತ್ತಾಗಬಾರದು.' ಕಾರಣ ತಿಳಿದ ಚಿತ್ರಕಾರ ನಾವು ಊಹಿಸದ ಇನ್ನೂ ಒಳ್ಳೆಯ ಉಪಾಯ ಹುಡುಕಿಯಾನು. ಬರೀ ಅಪ್ಪಣೆ ಸಿಕ್ಕರೆ ಅಪ್ಪಣೆಯಷ್ಟೇ ಪಾಲಿಸುತ್ತಾನೆ.

ಈ ಸ್ಕ್ರಿಪ್ಟಿನಲ್ಲಿ ಹೆಚ್ಚು ತಲೆ ಓಡಿಸಬೇಕಾದದ್ದು ದಿಕ್ಕಿನ ವಿಷಯಕ್ಕೆ. 'ಕಿಟಕಿ ಪಕ್ಕ ಹೆಂಡತಿ' ಎಂದು ಬರೆದು ಮುಂದೆ ಹೋದರೆ ಚಿತ್ರಕಾರ ಕೇಳುವ ಮೊದಲ ಪ್ರಶ್ನೆ, ಯಾವ ಕಡೆಯ ಕಿಟಕಿ? ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಬಾಗಿಲು ಎಡಕ್ಕೆ. ಇಳಿದವರು ನಿಲ್ಲುವುದು ಬಸ್ಸಿನ ಎಡಬದಿಯ ರಸ್ತೆಯಂಚಿನಲ್ಲಿ. ಕೊನೆಯ ಪ್ಯಾನೆಲ್‌ನಲ್ಲಿ ನಾವೂ ಅಲ್ಲೇ ನಿಂತು ನೋಡುತ್ತಿದ್ದೇವೆ. ಹಾಗಾಗಿ ಹೆಂಡತಿ ಎಡಸಾಲಿನ ಕಿಟಕಿಯಲ್ಲಿ ಕೂತರೆ ಮಾತ್ರ ನಮಗೆ ಕಾಣುತ್ತಾಳೆ. ಡ್ರೈವರ್ ಕಡೆಯ ಸಾಲಿನಲ್ಲಿ ಕೂರಿಸಿದರೆ ಸ್ಟ್ರಿಪ್ ಸತ್ತಂತೆ. ಇದನ್ನು ಆರನೇ ಚೌಕ ಬರೆಯುವಾಗ ಅಲ್ಲ, ಒಂದನ್ನು ಬರೆಯುವಾಗಲೇ ತೀರ್ಮಾನಿಸಬೇಕು.

ಒಂದನೇ ಪ್ಯಾನೆಲ್‌ನಲ್ಲಿ ಡ್ರೈವರ್ ಹಿಂದಿನಿಂದ ಹಿಂಬದಿಗೆ ನೋಡಿದ್ದೂ ಇದೇ ಕಾರಣಕ್ಕೆ. ಹಾಗೆ ನೋಡಿದಾಗ ಬಸ್ಸಿನ ಎಡಸಾಲು ಚಿತ್ರದಲ್ಲಿ ಬಲಕ್ಕೆ ಬರುತ್ತದೆ, ಓಡಾಡುವ ಜಾಗದ ಕಂಡಕ್ಟರ್ ಅದರ ಎಡಕ್ಕೆ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಸರಿಯುವುದರಿಂದ, ಮೊದಲು ಮಾತಾಡುವವರು ಎಡಕ್ಕಿರಬೇಕು. ಇಲ್ಲಿ ಮೊದಲ ಮಾತು ಕಂಡಕ್ಟರದು, ಉತ್ತರ ಯಜಮಾನರದು, ಇಬ್ಬರೂ ತಕ್ಕ ಜಾಗದಲ್ಲೇ ಇದ್ದಾರೆ. ಹಿಂದಿನಿಂದ ಮುಂದಕ್ಕೆ ನೋಡಿದ್ದರೆ ಮೂವರ ಮುಖವೂ ಕಾಣುತ್ತಿರಲಿಲ್ಲ, ಜೊತೆಗೆ ಉತ್ತರ ಕೊಡುವವರು ಎಡಕ್ಕೆ ಬಂದು ಬಲೂನಿನ ಬಾಲಗಳು ಒಂದನ್ನೊಂದು ದಾಟಬೇಕಾಗುತ್ತಿತ್ತು. ಬಾಲಗಳು ಕತ್ತರಿಯಂತೆ ಅಡ್ಡ ಬಿದ್ದ ಪ್ಯಾನೆಲ್ ಕಂಡರೆ, ಸ್ಕ್ರಿಪ್ಟ್ ಬರೆದವರು ಯಾರು ಎಲ್ಲಿ ನಿಂತಿದ್ದಾರೆಂದು ಯೋಚಿಸಿಲ್ಲ ಎಂದೇ ತಿಳಿಯಬೇಕು.

ಆರನೇ ಪ್ಯಾನೆಲ್‌ನಲ್ಲಿ ಇನ್ನೊಂದು ಪೇಚಿದೆ. ಕಾಮಿಕ್ಸ್‌ನಲ್ಲಿ ಹೊರಟು ಹೋಗುವ ವಾಹನವನ್ನು ಬಲಕ್ಕೆ ಓಡಿಸುವುದು ವಾಡಿಕೆ, ಓದುವ ಕಣ್ಣು ಸಾಗುವುದೂ ಆ ಕಡೆಗೇ. ಆದರೆ ಬಸ್ಸಿನ ಎಡಬದಿ ಎದುರಿಗೆ ನಿಂತವರಿಗೆ ಅದರ ಮೂತಿ ಎಡಕ್ಕೇ ಇರುತ್ತದೆ. ಬೇಕಾದರೆ ನಿಲ್ದಾಣದಲ್ಲಿ ನಿಂತು ನೋಡಿ. ಬಲಕ್ಕೆ ಓಡುವ ಬಸ್ಸು ಬರೆದರೆ ಡ್ರೈವರ್ ಬದಿ ಕಾಣುತ್ತದೆ, ಬಾಗಿಲೂ ಹೆಂಡತಿಯೂ ಆಚೆಗೆ ಹೋಗುತ್ತಾರೆ. ಎಡಕ್ಕೆ ಓಡಿಸುವುದು ಅನಿವಾರ್ಯ, ಆದರೆ ಅದರಿಂದ ಲಾಭವೇ ಆಗುತ್ತದೆ. ಓದುಗರ ಕಣ್ಣು ಮೊದಲು ಎಡಕ್ಕೆ ಬೀಳುತ್ತದೆ, ಬಸ್ಸು, ಕಿಟಕಿ, ನಿದ್ದೆ ಹೋದ ಹೆಂಡತಿಯನ್ನು ಕಾಣುತ್ತದೆ. ಆಮೇಲೆ ಬಲಕ್ಕೆ ಸರಿದು ಯಜಮಾನರನ್ನು, ಅವರ ಮಾತನ್ನು ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಓದುಗರಿಗೆ ಗೊತ್ತಿರುವುದು ಯಜಮಾನರಿಗೆ ಗೊತ್ತಿಲ್ಲ. ಪಕ್ಕದ ಖಾಲಿ ಜಾಗಕ್ಕೆ ಅವರು ವರದಿ ಒಪ್ಪಿಸುತ್ತಿದ್ದಾರೆ. ಇದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಮಾತು ಮೊದಲು, ಕಾರಣ ಆಮೇಲೆ ಬರುತ್ತದೆ. ನಗೆ ಪೂರ್ತಿ ಹೋಗುವುದಿಲ್ಲ, ಅರ್ಧ ಹೋಗುತ್ತದೆ.

ಮೂರು ಮತ್ತು ನಾಲ್ಕನೇ ಪ್ಯಾನೆಲ್‌ಗಳಲ್ಲಿ ಮಾತಿಲ್ಲ. ಹೊಸಬರು ಇಂಥ ಕಡೆ 'ಒಂದು ಗಂಟೆಯ ನಂತರ' ಎಂದು ಮೇಲೊಂದು ಪಟ್ಟಿ ಅಂಟಿಸುತ್ತಾರೆ. ಚಿತ್ರ ಅಲುಗದೆ, ಹಿಂದಿನ ಸೀಟಿನವರು ಬದಲಾಗಿ, ಬೆಳಕು ಬದಲಾದರೆ ಹೊತ್ತು ಹೋದದ್ದು ತಾನಾಗಿ ತಿಳಿಯುತ್ತದೆ. ಎರಡು ಪ್ಯಾನೆಲ್‌ಗಳ ನಡುವೆ ಗಟರ್ ಎಂದು ಕರೆಯುವ ಸಣ್ಣ ಬಿಳಿಪಟ್ಟಿ ಇದೆಯಲ್ಲ, ಅಲ್ಲಿ ನಡೆದದ್ದನ್ನು ಓದುಗರು ತಾವೇ ತುಂಬಿಕೊಳ್ಳುತ್ತಾರೆ. ಸ್ಕಾಟ್ ಮೆಕ್‌ಲೌಡ್ 1993ರಲ್ಲಿ ಕಾಮಿಕ್ಸ್ ರೂಪದಲ್ಲೇ ಬರೆದ ತಮ್ಮ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ 'ಗೆರೆ ಅಲುಗದಂತೆ' ಎಂಬ ಸೂಚನೆ ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿರಬೇಕು. ಒಂದೇ ಚಿತ್ರ ಎರಡು ಸಲ ಬರೆಯಲು ಚಿತ್ರಕಾರರ ಮನಸ್ಸು ಒಪ್ಪುವುದಿಲ್ಲ, ಕೋನ ಬದಲಿಸಿಬಿಡುತ್ತಾರೆ. ಕೋನ ಬದಲಾದರೆ ಓದುಗರು ಹೊಸದೇನೋ ನಡೆಯಿತೆಂದು ಹುಡುಕುತ್ತಾರೆ, ಕಾಯುವಿಕೆಯ ಬೇಸರ ಹುಟ್ಟುವುದೇ ಇಲ್ಲ.

ಇನ್ನು ಮಾತಿನ ಅಳತೆ. 24 ಸೆಂ.ಮೀ. ಅಗಲದಲ್ಲಿ ಅರ್ಧವನ್ನು ದೊಡ್ಡ ಪ್ಯಾನೆಲ್ ತಿಂದರೆ ಚಿಕ್ಕವಕ್ಕೆ ಉಳಿಯುವುದು ತಲಾ ಸುಮಾರು 6 ಸೆಂ.ಮೀ. ಅದರೊಳಗೆ ಬಲೂನ್, ಬಲೂನಿನ ಅಂಚು ಬಿಟ್ಟು ಅಕ್ಷರ. ಓದಬಲ್ಲ ಗಾತ್ರದ ಕನ್ನಡ ಒಂದು ಸಾಲಿಗೆ ಎರಡು, ಹೆಚ್ಚೆಂದರೆ ಮೂರು ಪದ. ಇಂಗ್ಲಿಷ್ ಕಾಮಿಕ್ಸ್ ಬರೆಯುವವರು ಬಲೂನಿಗೆ ಇಪ್ಪತ್ತೈದು ಪದದ ಮಿತಿ ಹಾಕಿಕೊಳ್ಳುವುದುಂಟು. ನಮಗೆ ಆ ಲೆಕ್ಕ ನಡೆಯದು. ನಮ್ಮ ಪದಗಳು ಪ್ರತ್ಯಯ ಹತ್ತಿಸಿಕೊಂಡು ಉದ್ದವಾಗುತ್ತವೆ, 'ಹೋಗಬೇಕಾಗಿತ್ತಂತೆ' ಎಂಬ ಒಂದೇ ಪದ ಇಡೀ ಸಾಲು ನುಂಗುತ್ತದೆ. ಅದನ್ನು ನಡುವೆ ಒಡೆದರೆ ಓದು ಎಡವುತ್ತದೆ. ಬಲೂನಿಗೆ ಹನ್ನೆರಡು ಪದ ಮೀರಬಾರದು ಎಂಬುದು ನನ್ನ ಲೆಕ್ಕ. ಕಂಡಕ್ಟರ್ ಒಂಬತ್ತು ಪದ ಆಡಿದ್ದಕ್ಕೇ ಅವರಿಗೆ ಅಗಲದ ಪ್ಯಾನೆಲ್ ಕೊಡಬೇಕಾಯಿತು.

ಎತ್ತರದಲ್ಲೂ ಕನ್ನಡ ಜಾಗ ಕೇಳುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. 'ಇಸ್ಕೊಳ್ಳಿ' ಎಂಬುದರ ಕೆಳಗೆ 'ಎಬ್ಬಿಸ್ರಿ' ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬಿಡಲೇಬೇಕು, ಹಾಗಾಗಿ ನಾಲ್ಕು ಸಾಲಿನ ಬಲೂನ್ ಯಾರದ್ದಾದರೂ ತಲೆ ಮುಚ್ಚುತ್ತದೆ. ಮಾತನ್ನು ಚಿತ್ರ ಮುಗಿದ ಮೇಲೆ ಕೊಡುತ್ತೇನೆ ಎನ್ನುವವರು ಇಲ್ಲೇ ಸಿಕ್ಕಿಬೀಳುವುದು. ಬಲೂನಿಗೆಂದು ಜಾಗ ಬಿಡದ ಚಿತ್ರದಲ್ಲಿ ಮಾತು ತುರುಕಲು ಹೋದರೆ ಹಣೆ ಹೋಗುತ್ತದೆ, ಇಲ್ಲವೇ ಕಿಟಕಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವುದಾದರೆ ಇನ್ನೊಂದು ಎಚ್ಚರಿಕೆ. ಚಿತ್ರದ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತುಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಕನ್ನಡ ಓದಲು ಬಾರದ ಡಿಸೈನರ್‌ಗೆ ಅದು ತಪ್ಪೆಂದೇ ಕಾಣುವುದಿಲ್ಲ. ಅಚ್ಚಿಗೆ ಹೋಗುವ ಮುನ್ನ ಕೊನೆಯ ಪ್ರತಿಯನ್ನು ಬರೆದವರೇ ನೋಡಬೇಕು.

ಅಮರ ಚಿತ್ರಕಥೆ ಓದಿ ಬೆಳೆದ ನಮ್ಮಂಥವರಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಶುರುಮಾಡಿದ ಆ ಮಾಲಿಕೆಯಲ್ಲಿ ಚಿತ್ರದ ಮೇಲೆ ಕತೆ ಹೇಳುವ ಪಟ್ಟಿ ಸಾಮಾನ್ಯ. ಪುರಾಣವನ್ನೋ ಚರಿತ್ರೆಯನ್ನೋ ಮೂವತ್ತು ಚಿಲ್ಲರೆ ಪುಟಗಳಲ್ಲಿ ಮುಗಿಸಬೇಕಿದ್ದವರಿಗೆ ಅದು ಬೇಕಿತ್ತು, ವರ್ಷಗಳನ್ನೇ ಒಂದು ಪಟ್ಟಿಯಲ್ಲಿ ದಾಟಿಸಬಹುದು. ಆರು ಚೌಕದ ನಗೆಗೆ ಅದರ ಹಂಗಿಲ್ಲ. ನಮ್ಮ ಸ್ಟ್ರಿಪ್ಪಿನಲ್ಲಿ ಅಂಥ ಪಟ್ಟಿ ಒಂದೂ ಇಲ್ಲ.

ಸ್ಕ್ರಿಪ್ಟ್ ಕೈಸೇರಿದ ಮೇಲೆ ಚಿತ್ರಕಾರ ನೇರ ಕೊನೆಯ ಚಿತ್ರಕ್ಕೆ ಇಳಿಯಬಾರದು. ಅಂಗೈಯಗಲದ ಕರಡು, ಥಂಬ್‌ನೇಲ್ ಎನ್ನುತ್ತಾರಲ್ಲ, ಅದನ್ನು ಹಾಕಿ ಕಳಿಸಲಿ. ತಲೆಯ ಜಾಗಕ್ಕೆ ಸೊನ್ನೆ, ಬಲೂನಿನ ಜಾಗಕ್ಕೆ ಮೊಟ್ಟೆ ಸಾಕು. ಅದನ್ನು ಪರೀಕ್ಷಿಸುವ ಕ್ರಮ ಸುಲಭ: ಸ್ಕ್ರಿಪ್ಟ್ ಓದದ ಒಬ್ಬರಿಗೆ ಮಾತಿಲ್ಲದೆ ತೋರಿಸಿ, ಏನು ನಡೆಯಿತು ಎಂದು ಕೇಳಿ. 'ಒಬ್ಬ ಇಳಿದ, ಒಬ್ಬಳು ಬಸ್ಸಲ್ಲೇ ಉಳಿದಳು' ಎಂದರೆ ಸರಿ. 'ಯಾರೋ ಬಸ್ಸಿಗೆ ಕಾಯ್ತಿದ್ದಾರೆ' ಎಂದರೆ ಐದನೇ ಪ್ಯಾನೆಲ್ ಸರಿಯಾಗಿಲ್ಲ, ಇಳಿಯುವ ಕಾಲು ಹತ್ತುವ ಕಾಲಿನಂತೆ ಕಾಣುತ್ತಿದೆ ಎಂದರ್ಥ. ಈ ಹಂತದಲ್ಲಿ ತಿದ್ದಲು ಐದು ನಿಮಿಷ ಸಾಕು, ಮಸಿ ಬಿದ್ದ ಮೇಲೆ ಒಂದಿಡೀ ದಿನ ಬೇಕು, ಜೊತೆಗೆ ಗೆಳೆತನಕ್ಕೂ ಅಷ್ಟು ಕ್ಷೇಮವಲ್ಲ.

ಕರಡು ನೋಡಿದ ಮೇಲೆ ಬರೆದವರಿಗೂ ಕೆಲಸವಿದೆ, ಚಿತ್ರ ಹೇಳಿದ್ದನ್ನು ಮಾತಿನಿಂದ ಹೊಡೆದುಹಾಕುವುದು. ಐದನೇ ಪ್ಯಾನೆಲ್‌ನಲ್ಲಿ ಕಂಡಕ್ಟರ್ 'ತಗೊಳಿ ನಿಮ್ಮ ನೂರ ಹನ್ನೆರಡು ರೂಪಾಯಿ' ಎನ್ನಬಹುದಿತ್ತು. ನೋಟು, ನಾಣ್ಯ ಕೈ ಮೇಲಿರುವಾಗ ಅದು ದಂಡ. ಆರನೆಯದರಲ್ಲಿ 'ಅಯ್ಯೋ, ನಿನ್ನನ್ನೇ ಮರೆತೆನಲ್ಲೇ!' ಎಂದು ಕೂಗಿಸುವ ಆಸೆ ಯಾರಿಗಾದರೂ ಬರುತ್ತದೆ. ಕೂಗಿಸಿದರೆ ಓದುಗರು ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ಹೀಗೆ ಕಳೆದು ಕಳೆದು ಈ ಸ್ಟ್ರಿಪ್ಪಿನಲ್ಲಿ ಉಳಿದದ್ದು 24 ಪದ. ಶಕ್ತಿ ಯೋಜನೆ ಜಾರಿಗೆ ಬಂದ 2023ರ ಜೂನ್‌ನಿಂದ ಹೆಂಗಸರಿಗೆ ಶೂನ್ಯ ದರದ ಟಿಕೆಟ್, ಆದ್ದರಿಂದ ಹೆಂಡತಿಯ ಟಿಕೆಟ್ಟಿನ ವಿವರಣೆಯೂ ಬೇಕಿಲ್ಲ, 88 ಒಬ್ಬರದೇ ಎಂದು ಇಲ್ಲಿನವರಿಗೆ ಗೊತ್ತು. ಹೊರರಾಜ್ಯದ ಪತ್ರಿಕೆಗಾದರೆ ಇನ್ನೊಂದು ಮಾತು ಸೇರಿಸಬೇಕಾದೀತು.

ಕಳಿಸುವ ಮುನ್ನ ಸ್ಕ್ರಿಪ್ಟಿನ ತಲೆಯ ಮೇಲೆ ಎರಡು ಹೆಸರು ಬರೆಯಿರಿ, ಕತೆ ಯಾರದು, ಚಿತ್ರ ಯಾರದು ಎಂದು. ಪತ್ರಿಕೆಯವರಿಗೂ ಹಾಗೆಯೇ ಅಚ್ಚು ಹಾಕಲು ಮೊದಲೇ ಹೇಳಿ. 1939ರಲ್ಲಿ ಬ್ಯಾಟ್‌ಮನ್ ಬಂದಾಗ ಅದರ ಮೇಲೆ ಇದ್ದದ್ದು ಬಾಬ್ ಕೇನ್ ಹೆಸರೊಂದೇ. ಆ ಪಾತ್ರ ರೂಪಿಸಲು ಹೆಗಲು ಕೊಟ್ಟು ಕತೆ ಬರೆದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರನ್ನೂ ಸೇರಿಸಲು ಪ್ರಕಾಶಕರು ಒಪ್ಪಿದ್ದು 2015ರಲ್ಲಿ.